ಹ್ಯಾಷ್‌ಟ್ಯಾಗಿನ ಕಾಲ ಮುಗಿದ ಮೇಲೆ

2007ರ ಆಗಸ್ಟ್‌ನಲ್ಲಿ ಕ್ರಿಸ್ ಮೆಸ್ಸಿನಾ ಟ್ವಿಟರ್‌ನಲ್ಲಿ #barcamp ಎಂದು ಬರೆದು, ಒಂದೇ ವಿಷಯದ ಮಾತುಗಳನ್ನು ಹೀಗೆ ಗುಂಪುಗೂಡಿಸಬಹುದಲ್ಲ ಎಂದು ಸೂಚಿಸಿದರು. 2011ರಲ್ಲಿ ಇನ್‌ಸ್ಟಾಗ್ರಾಂ ಕೂಡ ಈ ಉಪಾಯವನ್ನು ಅಳವಡಿಸಿಕೊಂಡಿತು. ಚಿತ್ರದಲ್ಲಿ ಏನಿದೆಯೆಂದು ಹಾಕಿದವರೇ ಹೇಳಬೇಕಿದ್ದ ಕಾಲವದು. ಹಾಗಾಗಿ ಒಂದು ಪೋಸ್ಟಿಗೆ ಅನುಮತಿಯಿದ್ದ 30 ಟ್ಯಾಗುಗಳನ್ನೂ ತುಂಬಿಸುವುದು ರೂಢಿಯಾಯಿತು. #viral, #trending ಎಂಬ ಹಣೆಪಟ್ಟಿಗಳೂ ಅವುಗಳಲ್ಲಿ ಸೇರಿಕೊಂಡವು. ಅವುಗಳಿಂದ ಯಾರಿಗೆ ಏನು ಸಿಕ್ಕಿತೋ!

2020 ಲೆಕ್ಕ ಬದಲಿಸಿದ ವರ್ಷ. ಜೂನ್ ಕೊನೆಯಲ್ಲಿ ಭಾರತ ಟಿಕ್‌ಟಾಕನ್ನು ನಿಷೇಧಿಸಿತು. ಜುಲೈನಲ್ಲಿ ರೀಲ್ಸ್ ಇಲ್ಲಿಗೆ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್‌ನ ಮೊದಲ ಪ್ರಯೋಗವೂ ಇಲ್ಲೇ ನಡೆಯಿತು. ನವೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ, ಇಂಗ್ಲಿಷ್ ಬಳಕೆಯ ಆರು ದೇಶಗಳಲ್ಲಿ, ಟ್ಯಾಗಿನ ಹಂಗಿಲ್ಲದೆ ಸಾದಾ ಪದಗಳಿಂದ ಹುಡುಕಲು ಅವಕಾಶ ಕೊಟ್ಟಿತು. ಮರುವರ್ಷ ಅದರ ಮುಖ್ಯಸ್ಥ ಆಡಂ ಮೊಸ್ಸೆರಿ, ಹುಡುಕಾಟದಲ್ಲಿ ಸಿಗಬೇಕಾದರೆ ಪದಗಳನ್ನೂ ಟ್ಯಾಗುಗಳನ್ನೂ ಕಮೆಂಟಿನಲ್ಲಿ ಅಲ್ಲ, ಕ್ಯಾಪ್ಶನ್ನಿನಲ್ಲೇ ಇಡಿ ಎಂದು ಸ್ಪಷ್ಟಪಡಿಸಿದರು. ಟ್ಯಾಗು ಮೂರರಿಂದ ಐದು ಸಾಕು ಎಂಬ ಸಲಹೆಯೂ ಕಂಪನಿಯಿಂದ ಬಂತು. 2024ರ ಡಿಸೆಂಬರ್‌ನಲ್ಲಿ ಟ್ಯಾಗುಗಳನ್ನು ಫಾಲೋ ಮಾಡುವ ಸೌಲಭ್ಯವೇ ಹೋಯಿತು.

ಹೀಗೆ ಟ್ಯಾಗಿಗಿಂತ ಹುಡುಕುವ ಪದಗಳ ತೂಕ ಹೆಚ್ಚಿತು. ಈಗ ಕನ್ನಡದ ಅಡುಗೆ ಶಾರ್ಟ್ಸ್ ಒಂದನ್ನು ಯೂಟ್ಯೂಬಿಗೆ ಹಾಕುವುದಿದೆ ಎನ್ನೋಣ. ವಿಷಯ ಅಕ್ಕಿ ರೊಟ್ಟಿ. ‘ಅಮ್ಮನ ಕೈರುಚಿ’ ಎಂಬ ಶೀರ್ಷಿಕೆ ಮುದ್ದಾಗಿದೆ, ಆದರೆ ರೊಟ್ಟಿ ಮಾಡಲು ಹೊರಟವರು ಆ ಪದಗಳನ್ನು ಟೈಪ್ ಮಾಡುವುದಿಲ್ಲ. ಹುಡುಕು ಪೆಟ್ಟಿಗೆಯಲ್ಲಿ akki rotti ಎಂದು ಬರೆದು ನಿಲ್ಲಿಸಿದರೆ ಕೆಳಗೆ ಸಲಹೆಗಳು ಇಳಿಯುತ್ತವೆ. ಜನ ನಿಜಕ್ಕೂ ಕೇಳುವುದೇನು ಎಂಬ ಸುಳಿವು ಅಲ್ಲಿದೆ. akki roti ಎಂಬ ಕಾಗುಣಿತವನ್ನೂ, ಕನ್ನಡ ಲಿಪಿಯನ್ನೂ ಬೇರೆ ಬೇರೆಯಾಗಿ ಹಾಕಿ ನೋಡಬೇಕು. ವಿಡಿಯೊದ ವಿಶೇಷವೆಂದರೆ ರೊಟ್ಟಿ ತಣ್ಣಗಾದರೂ ಮೆತ್ತಗಿರುತ್ತದೆ ಎಂಬುದಾದರೆ, ‘ಮೆತ್ತಗಿನ ಅಕ್ಕಿ ರೊಟ್ಟಿ | Soft Akki Rotti’ ಎಂಬ ಶೀರ್ಷಿಕೆ ಎರಡೂ ಲಿಪಿಯವರಿಗೆ ತಲುಪುತ್ತದೆ. ಇನ್ನೊಂದು ಕಾಗುಣಿತಕ್ಕೆ ವಿವರಣೆಯ ಒಂದು ಸಹಜ ವಾಕ್ಯ ಸಾಕು.

ಟ್ಯಾಗಿನಲ್ಲಿ ಎಡವುವುದು ಸುಲಭ. #ಅಕ್ಕಿ ರೊಟ್ಟಿ ಎಂದು ಜಾಗ ಬಿಟ್ಟರೆ ಟ್ಯಾಗು ಅಕ್ಕಿಯಲ್ಲೇ ಮುಗಿದು ರೊಟ್ಟಿ ಹೊರಗುಳಿಯುತ್ತದೆ. #ಅಕ್ಕಿರೊಟ್ಟಿ ಎಂದು ಕೂಡಿಸಿ ಬರೆಯಬೇಕು. ಯೂಟ್ಯೂಬಿನಲ್ಲಿ ಟ್ಯಾಗುಗಳು 60 ಮೀರಿದರೆ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀರುದೋಸೆ ಹುಡುಕುವವರನ್ನೂ ಎಳೆಯೋಣವೆಂದು #neerdosa ಸೇರಿಸುವುದು ಇನ್ನೂ ಕೆಟ್ಟ ಉಪಾಯ. ಪದ ಹೊಂದುವುದರ ಜೊತೆಗೆ, ಹುಡುಕಿ ಬಂದವರು ಎಷ್ಟು ಹೊತ್ತು ನೋಡಿದರು ಎಂಬುದನ್ನೂ ಯೂಟ್ಯೂಬ್ ಗಮನಿಸುತ್ತದೆ. ದೋಸೆ ಬಯಸಿದವರು ರೊಟ್ಟಿ ಕಂಡು ಕೂಡಲೇ ಜಾರಿಕೊಳ್ಳುತ್ತಾರೆ.

ಪದಗಳು ಕೆಲಸ ಮಾಡಿದವೇ ಎಂಬುದಕ್ಕೆ ಒಟ್ಟು ವೀಕ್ಷಣೆ ಸಾಕ್ಷಿಯಾಗದು. ಶಾರ್ಟ್ಸ್‌ಗೆ ಸಾಮಾನ್ಯವಾಗಿ ಬಹುಪಾಲು ನೋಡುಗರು ಫೀಡಿನಿಂದಲೇ ಬರುತ್ತಾರೆ. ಯೂಟ್ಯೂಬ್ ಸ್ಟುಡಿಯೊದ ಟ್ರಾಫಿಕ್ ಮೂಲಗಳಲ್ಲಿ YouTube search ತೆರೆದರೆ, ಜನ ಟೈಪ್ ಮಾಡಿದ ಪದಗಳ ಪಟ್ಟಿಯೇ ಸಿಗುತ್ತದೆ. ಮುಂದಿನ ಶೀರ್ಷಿಕೆ ಬರೆಯುವ ಮುನ್ನ ಆ ಪಟ್ಟಿಯನ್ನೊಮ್ಮೆ ನೋಡಿ.