ಫೀಸ್ ತಗೊಳ್ಳುವ ಸಲಹೆಗಾರರೋ, ಕಮಿಷನ್ ಏಜೆಂಟರೋ? ಹಣ ಹಾಕುವ ಮುಂಚೆ ಕೇಳಬೇಕಾದ ನಾಲ್ಕು ಪ್ರಶ್ನೆ

"ಅಣ್ಣಾ, ನಂದೇನೂ ಫೀಸ್ ಇಲ್ಲ, ಫ್ರೀ ಸರ್ವೀಸ್." ಅಂಗಡಿ ಗಲ್ಲಾಪೆಟ್ಟಿಗೆ ಮುಂದೆ ಫಾರಂ ಹಿಡಿದು ನಿಂತ ಏಜೆಂಟರು ಸಾಮಾನ್ಯವಾಗಿ ಹೇಳೋ ಮಾತಿದು. ಮಾತು ಸುಳ್ಳಲ್ಲ, ಗ್ರಾಹಕರು ಅವರ ಕೈಗೆ ದುಡ್ಡು ಕೊಡೋದಿಲ್ಲ. ಆದರೆ ಅವರ ಕಮಿಷನ್ ಬರೋದು ಗ್ರಾಹಕರ ಹಣದಿಂದಲೇ.

ಮ್ಯೂಚುವಲ್ ಫಂಡ್‌ನಲ್ಲಿ ಇದು ಸುಲಭವಾಗಿ ಅರ್ಥವಾಗುತ್ತದೆ. 2013ರ ಜನವರಿಯಿಂದ ಪ್ರತಿ ಫಂಡ್‌ಗೂ Direct ಮತ್ತು Regular ಎಂಬ ಎರಡು ಪ್ಲಾನ್ ಇವೆ. ಹಣ ಹೂಡುವ ಷೇರು, ನೋಡಿಕೊಳ್ಳುವ ಮ್ಯಾನೇಜರ್ ಎರಡಕ್ಕೂ ಒಂದೇ. Regularನಲ್ಲಿ ಏಜೆಂಟರ ಕಮಿಷನ್ ಸೇರಿರುವುದರಿಂದ ವಾರ್ಷಿಕ ಖರ್ಚು ಜಾಸ್ತಿ. ಅದನ್ನು ಬಿಲ್ ಹಾಕಿ ಕೇಳುವುದಿಲ್ಲ, ಫಂಡ್‌ನ ಬೆಲೆಯಲ್ಲೇ ದಿನದಿನವೂ ಮುರಿದುಕೊಳ್ಳುತ್ತಾರೆ. ಹಾಗಾಗಿ ಕಣ್ಣಿಗೆ ಬೀಳೋದಿಲ್ಲ.

ಲೆಕ್ಕ ಹೀಗಿದೆ

ಒಬ್ಬ ಕಿರಾಣಿ ಅಂಗಡಿಯವರು ತಿಂಗಳಿಗೆ 5,000 ರೂಪಾಯಿಯಂತೆ 15 ವರ್ಷ ಎಸ್‌ಐಪಿ ಕಟ್ಟುತ್ತಾರೆ ಅಂದುಕೊಳ್ಳಿ. ಒಟ್ಟು ಕಟ್ಟಿದ್ದು 9 ಲಕ್ಷ. Direct ಪ್ಲಾನ್‌ನಲ್ಲಿ ವರ್ಷಕ್ಕೆ ಶೇ 12ರಷ್ಟು ಬೆಳೆದರೆ ಕೈಗೆ ಬರೋದು ಸುಮಾರು 25.2 ಲಕ್ಷ. ಖರ್ಚಿನಲ್ಲಿ ಶೇ 1ರಷ್ಟು ವ್ಯತ್ಯಾಸ ಇದೆ ಅಂತ ಇಟ್ಟುಕೊಂಡರೆ, Regularನಲ್ಲಿ ಸುಮಾರು 22.9 ಲಕ್ಷ. ಅಂದರೆ 'ಫ್ರೀ' ಸರ್ವೀಸ್‌ಗೆ ಹೋದದ್ದು ಸುಮಾರು 2.3 ಲಕ್ಷ. (ಶೇ 12 ಲೆಕ್ಕಕ್ಕೆ ಹಿಡಿದದ್ದು ಅಷ್ಟೇ, ಮಾರ್ಕೆಟ್ ಯಾವ ಗ್ಯಾರಂಟಿಯನ್ನೂ ಕೊಡೋದಿಲ್ಲ.)

ಹಾಗಂತ ಫೀಸ್ ಸಲಹೆಗಾರರೇ ಯಾವಾಗಲೂ ಅಗ್ಗ ಅಲ್ಲ. ಅದೇ ಅಂಗಡಿಯವರು ಸಲಹೆಗಾರರಿಗೆ ವರ್ಷಕ್ಕೆ 15,000 ಕೊಟ್ಟರೆ 15 ವರ್ಷಕ್ಕೆ 2.25 ಲಕ್ಷ ಆಯ್ತು. ಅದೂ ಮೊದಲ ವರ್ಷದಿಂದಲೇ ಕೈಯಿಂದ ಹೋಗುತ್ತದೆ. ಇಷ್ಟು ಚಿಕ್ಕ ಮೊತ್ತಕ್ಕೆ ವರ್ಷವರ್ಷ ಫೀಸ್ ಕಟ್ಟೋದು ನಷ್ಟದ ಬಾಬ್ತು. ಒಂದೇ ಸಲ ಫೀಸ್ ಕೊಟ್ಟು ಪ್ಲಾನ್ ಬರೆಸಿಕೊಂಡು, Directನಲ್ಲಿ ತಾವೇ ಕಟ್ಟಿಕೊಂಡು ಹೋಗುವುದು ಇಂಥವರಿಗೆ ಹೊಂದುತ್ತದೆ. ಮೊತ್ತ ದೊಡ್ಡದಾದಷ್ಟೂ ಶೇ 1 ಎಂಬುದು ದೊಡ್ಡದಾಗುತ್ತದೆ, ಆಗ ನಿಗದಿತ ಫೀಸ್ ಲಾಭ. ಇನ್ನು ಫಾರಂ ತುಂಬಲು, ನಾಮಿನಿ ಬದಲಿಸಲು, ಮಾರ್ಕೆಟ್ ಬಿದ್ದಾಗ ಧೈರ್ಯ ಹೇಳಲು ಜನ ಬೇಕು ಅನ್ನುವವರಿಗೆ ಒಳ್ಳೆಯ ಏಜೆಂಟರ ಕಮಿಷನ್ ದಂಡ ಅಲ್ಲ. ಎಷ್ಟು ಹೋಗುತ್ತಿದೆ ಅಂತ ಗೊತ್ತಿದ್ದು ಕೊಡಬೇಕು, ಅಷ್ಟೇ.

ಕೇಳಬೇಕಾದ ಪ್ರಶ್ನೆಗಳು

1. ನಿಮ್ಮ ನೋಂದಣಿ ಸಂಖ್ಯೆ ಏನು? ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರ ಸಂಖ್ಯೆ INA ಎಂದು ಶುರುವಾಗುತ್ತದೆ. ಮ್ಯೂಚುವಲ್ ಫಂಡ್ ಮಾರುವವರದ್ದು ARN. ಸಲಹೆಗಾರರ ಹೆಸರು sebi.gov.in ಪಟ್ಟಿಯಲ್ಲಿ ಇದೆಯಾ ನೋಡಿ. ಕಾರ್ಡಿನಲ್ಲಿ 'ವೆಲ್ತ್ ಅಡ್ವೈಸರ್' ಅಂತ ಇದ್ದು, ಕೈಲಿರೋದು ARN ಮಾತ್ರ ಆದರೆ ಅವರು ಮಾರಾಟಗಾರರು. ಆ ಹೆಸರು ಹಾಕಿಕೊಳ್ಳಲು ಅವರಿಗೆ ಅವಕಾಶವಿಲ್ಲ.

2. ಇದರಲ್ಲಿ ನಿಮಗೆಷ್ಟು ಬರುತ್ತೆ? ಇಂಥದ್ದೇ ಬೇರೆ ಫಂಡ್‌ನಲ್ಲಿ ಎಷ್ಟು? ಕೇಳಲು ಸಂಕೋಚ ಬೇಡ. ಇದನ್ನು ತಿಳಿಸುವುದು ಫಂಡ್ ಏಜೆಂಟರ ಕರ್ತವ್ಯ.

3. Direct ಕೊಡ್ತೀರಾ, Regular ಕೊಡ್ತೀರಾ? ಫೀಸ್ ತಗೊಂಡ ಸಲಹೆಗಾರರು Regular ಕಡೆ ತಳ್ಳಿದರೆ ಎರಡೂ ಕಡೆಯಿಂದ ಸಂಪಾದನೆ ನಡೀತಿದೆಯಾ ಅಂತ ಅನುಮಾನಿಸಿ. ಒಂದೇ ಗ್ರಾಹಕರಿಗೆ ಸಲಹೆ ಫೀಸ್, ಮಾರಾಟದ ಕಮಿಷನ್ ಎರಡನ್ನೂ ಪಡೆಯುವಂತಿಲ್ಲ.

4. ಹಳೇದನ್ನು ಮುರಿಸಿ ಹೊಸದು ಯಾಕೆ? ವಿಮಾ ಪಾಲಿಸಿಯಲ್ಲಿ ಸಾಮಾನ್ಯವಾಗಿ ಮೊದಲ ವರ್ಷದ ಕಮಿಷನ್ನೇ ದೊಡ್ಡದು. ಆದ್ದರಿಂದ ನಡೆಯುತ್ತಿರುವ ಪಾಲಿಸಿ ಸರೆಂಡರ್ ಮಾಡಿಸಿ ಹೊಸದು ಬರೆಸಿದರೆ ಏಜೆಂಟರಿಗೆ ಲಾಭ, ಗ್ರಾಹಕರಿಗೆ ಸರೆಂಡರ್ ನಷ್ಟ. ಕಾರಣವನ್ನೂ ನಷ್ಟದ ಲೆಕ್ಕವನ್ನೂ ಬರವಣಿಗೆಯಲ್ಲಿ ಕೇಳಿ.

ಗಮನಿಸಬೇಕಾದದ್ದು

ಬ್ಯಾಂಕ್ ಕೌಂಟರ್‌ನಲ್ಲಿ ಎಫ್‌ಡಿ ಕೇಳಿದವರಿಗೆ ಪಾಲಿಸಿ ತೋರಿಸುವ ಸಿಬ್ಬಂದಿಯೂ ಮಾರಾಟದ ಕಡೆಯವರೇ, ಬ್ಯಾಂಕಿಗೂ ಕಮಿಷನ್ ಬರುತ್ತದೆ. ಹೂಡಿಕೆ ಹಣವನ್ನು ಸಲಹೆಗಾರರ ಅಥವಾ ಏಜೆಂಟರ ಸ್ವಂತ ಖಾತೆಗೆ ಹಾಕಿ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಹಣ ಫಂಡ್ ಅಥವಾ ವಿಮಾ ಕಂಪನಿ ಹೆಸರಿಗೇ ಹೋಗಬೇಕು.

ಈಗಾಗಲೇ ಫಂಡ್ ಇರುವವರು ಸ್ಟೇಟ್‌ಮೆಂಟ್‌ನಲ್ಲಿ ಫಂಡ್ ಹೆಸರಿನ ಪಕ್ಕ Direct ಇದೆಯೋ Regular ಇದೆಯೋ ನೋಡಿಕೊಳ್ಳಬಹುದು. ಮಾರ್ಚ್ ಮತ್ತು ಸೆಪ್ಟೆಂಬರ್ ಮುಗಿದ ಮೇಲೆ ಬರುವ ಅರ್ಧ ವಾರ್ಷಿಕ ಸ್ಟೇಟ್‌ಮೆಂಟ್‌ನಲ್ಲಿ ಏಜೆಂಟರಿಗೆ ಕೊಟ್ಟ ಕಮಿಷನ್ ರೂಪಾಯಿ ಲೆಕ್ಕದಲ್ಲೇ ಇರುತ್ತದೆ. Directಗೆ ಬದಲಾಯಿಸುವುದನ್ನು ಮಾರಾಟ ಎಂದೇ ಪರಿಗಣಿಸುವುದರಿಂದ ಎಕ್ಸಿಟ್ ಲೋಡ್, ಲಾಭದ ಮೇಲಿನ ತೆರಿಗೆ ಬೀಳಬಹುದು. ಹಳೇದನ್ನು ಹಾಗೇ ಬಿಟ್ಟು, ಮುಂದಿನ ಕಂತುಗಳನ್ನು ಮಾತ್ರ Directನಲ್ಲಿ ಶುರು ಮಾಡುವ ದಾರಿಯೂ ಇದೆ.