ನಿಂತಿತು

ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ನೋಡುತ್ತಿದ್ದೆ. ದ್ವಿತೀಯ ಪಿಯುಸಿ ಜೀವಶಾಸ್ತ್ರ, ಐದು ಅಂಕದ ಪ್ರಶ್ನೆ: ನಿಷೇಚನದಿಂದ ಇಂಪ್ಲಾಂಟೇಶನ್‌ವರೆಗೆ ನಡೆಯುವುದನ್ನು ವಿವರಿಸಿ. ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಬರೆದಿದ್ದ: 'ದೆನ್ ದ ಜೈಗೋಟ್ ವಿಲ್ ಸ್ಟ್ಯಾಂಡ್ ಇನ್ ದ ಯೂಟೆರಸ್.' ಸ್ಟಾಫ್‌ರೂಮಿನಲ್ಲಿ ಓದಿ ಹೇಳಿದೆ, ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕೆಂಪು ಪೆನ್ನು ಹಿಡಿದವಳು ಆ 'ಸ್ಟ್ಯಾಂಡ್' ಮೇಲೆ ಗೀಟು ಎಳೆಯಲಾರದೆ ಕೂತೆ.

ಹುಡುಗ ಯೋಚಿಸಿದ್ದು ಕನ್ನಡದಲ್ಲಿ. ಅವನ ಮನೆಯಲ್ಲಿ ಗರ್ಭ 'ನಿಲ್ಲುತ್ತದೆ'. ಮುಟ್ಟೂ 'ನಿಲ್ಲುತ್ತದೆ'. ಮಳೆ ನಿಂತಿತು ಅಂದರೆ ಇಲ್ಲವಾಯಿತು, ನೀರು ನಿಂತಿತು ಅಂದರೆ ಹೋಗದೆ ಉಳಿಯಿತು. ಎರಡಕ್ಕೂ ಒಂದೇ ಕ್ರಿಯಾಪದ ಇಟ್ಟುಕೊಂಡು ನಾವು ಎಂದೂ ಗೊಂದಲಪಟ್ಟವರಲ್ಲ. ಹೆಣ್ಣಿನ ಮೈಯಲ್ಲಂತೂ ಈ ಎರಡು ನಿಲ್ಲುವಿಕೆಗಳು ಕಾರಣ ಮತ್ತು ಪರಿಣಾಮ. ಒಂದು ನಿಂತರೆ ಇನ್ನೊಂದು ನಿಲ್ಲುತ್ತದೆ.

ಹೇಗೆ ಅಂತ ದಿನ ಹಿಡಿದು ನೋಡೋಣ. ಒಬ್ಬಳು ತಿಂಗಳ 1ನೇ ತಾರೀಖು ಮುಟ್ಟಾದಳು, ಅವಳದು 28 ದಿನದ ಚಕ್ರ ಎನ್ನಿ. ಸುಮಾರು 14ನೇ ತಾರೀಖು ಅಂಡಾಶಯದಿಂದ ಅಂಡ ಹೊರಬೀಳುತ್ತದೆ. ಅದು ಬಿದ್ದ ಜಾಗದಲ್ಲಿ ಉಳಿದ ಕೋಶಗಳು ಕಾರ್ಪಸ್ ಲೂಟಿಯಮ್ ಎಂಬ ಹಳದಿ ಗಂಟಾಗಿ ಪ್ರೊಜೆಸ್ಟೆರಾನ್ ಸ್ರವಿಸತೊಡಗುತ್ತವೆ. ಗರ್ಭಕೋಶದ ಒಳಪದರವನ್ನು ಉದುರದಂತೆ ಹಿಡಿದಿರುವುದು ಇದೇ ಹಾರ್ಮೋನು. ಆದರೆ ಈ ಗಂಟಿನ ಆಯಸ್ಸು ಎರಡು ವಾರ ಮಾತ್ರ.

ಅತ್ತ ಅಂಡ ಅಂಡನಾಳದ ಅಗಲವಾದ ಭಾಗಕ್ಕೆ ಬಂದಿರುತ್ತದೆ. ಪುಸ್ತಕ ಆಂಪುಲ್ಲಾ ಅನ್ನುವುದು ಇದಕ್ಕೆ. ಅಂಡಕ್ಕೆ ಹೆಚ್ಚೆಂದರೆ ಒಂದು ದಿನದ ಜೀವ. ಅಷ್ಟರೊಳಗೆ ವೀರ್ಯಾಣು ಅಲ್ಲಿಗೇ ಬಂದು ಸೇರಬೇಕು. ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಅಂಕ ಸೋರುವುದು ಇಲ್ಲಿ. ನಿಷೇಚನ ಗರ್ಭಕೋಶದಲ್ಲಿ ಆಗುತ್ತದೆ ಎಂದು ಬರೆಯುವ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ. ಗರ್ಭ ಇರುವ ಕೋಶ ಗರ್ಭಕೋಶ, ಹಾಗಾದರೆ ಗರ್ಭ ಆಗುವುದೂ ಅಲ್ಲೇ ತಾನೆ? ಹೆಸರು ಹಾಗೆ ನಂಬಿಸುತ್ತದೆ. 'ನಿಲ್ಲು' ಅಂತ ಯೋಚಿಸುವವನಿಗೆ ಈ ತಪ್ಪು ಆಗಬಾರದು, ಏಕೆಂದರೆ ನಿಲ್ಲುವುದು ಅಂದರೆ ಬೇರೆ ಕಡೆಯಿಂದ ನಡೆದು ಬಂದದ್ದು ನಿಲ್ಲುವುದು.

ನಮ್ಮ ಲೆಕ್ಕದಲ್ಲಿ 15ಕ್ಕೆ ನಿಷೇಚನವಾಯಿತು ಎನ್ನಿ. 16ರಂದು ಎರಡು ಕೋಶ, 18ಕ್ಕೆ ಎಂಟು, 19ರ ಹೊತ್ತಿಗೆ ಹದಿನಾರರ ಆಸುಪಾಸಿನ ಉಂಡೆ. ಹೆಸರು ಮೊರುಲಾ, ಅಂದರೆ ಲ್ಯಾಟಿನ್ನಿನಲ್ಲಿ ಪುಟ್ಟ ಹಿಪ್ಪುನೇರಳೆ ಹಣ್ಣು. ರಾಮನಗರದ ಕಡೆಯ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಕೋಶಗಳ ಸಂಖ್ಯೆ ಏರಿದರೂ ಉಂಡೆಯ ಗಾತ್ರ ಏರಿರುವುದಿಲ್ಲ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ. ಅಂಡದ ಸುತ್ತ ಇದ್ದ ಜೋನಾ ಪೆಲ್ಯುಸಿಡಾ ಎಂಬ ಪೊರೆ ಇನ್ನೂ ಬಿಗಿದುಕೊಂಡಿರುತ್ತದೆ. ಆ ಪೊರೆ ಇರುವವರೆಗೆ ಉಂಡೆ ಯಾವ ಗೋಡೆಗೂ ಅಂಟಿಕೊಳ್ಳಲಾರದು. ದಾರಿಯಲ್ಲಿ ನಿಲ್ಲಬೇಡ, ಮುಂದೆ ನಡೆ ಅನ್ನುವ ಏರ್ಪಾಡು ಅದು.

ಮೊರುಲಾ ಗರ್ಭಕೋಶ ತಲುಪುತ್ತದೆ, ಆದರೂ ನಿಲ್ಲುವುದಿಲ್ಲ. ಒಳಗೆ ದ್ರವ ತುಂಬಿ ಟೊಳ್ಳಾಗಿ ಬ್ಲಾಸ್ಟೊಸಿಸ್ಟ್ ಆಗುತ್ತದೆ. ಹೊರಸುತ್ತಿನ ಕೋಶಗಳು ಟ್ರೋಫೋಬ್ಲಾಸ್ಟ್, ಒಳಗೆ ಒಂದು ಬದಿಗೆ ಗುಂಪಾಗಿರುವವು ಒಳಕೋಶ ರಾಶಿ. ಮಗುವಾಗುವುದು ಒಳಗಿನವು. ಗೋಡೆ ಹಿಡಿಯುವುದು ಹೊರಗಿನವು, ಮುಂದೆ ಮಾಸಿನ ಬಹುಭಾಗವಾಗುವುದೂ ಅವೇ. ಪೊರೆ ಹರಿದುಕೊಂಡು ಇದು ಹೊರಬಂದು 21 ಅಥವಾ 22ರ ಸುಮಾರಿಗೆ ಒಳಪದರಕ್ಕೆ ತಗುಲುತ್ತದೆ, ನಿಧಾನವಾಗಿ ಅದರೊಳಗೆ ಹೂತುಕೊಳ್ಳುತ್ತದೆ. ಇದು ನಿಲ್ಲುವುದು. 'ನೆಲೆ' ಎಂಬ ಮಾತೂ ಇದೇ ನಿಲ್ ಧಾತುವಿನ ಬಳಗದ್ದೇ. ಇಂಪ್ಲಾಂಟೇಶನ್ನಿಗೆ ಪುಸ್ತಕದವರು ಏನೇನೋ ಸಂಸ್ಕೃತ ಕಟ್ಟಿದ್ದಾರೆ. ನೆಲೆಯೂರುವುದು ಅಂದಿದ್ದರೆ ಸಾಕಿತ್ತು.

ಈಗ ಆ ಹಳದಿ ಗಂಟಿನ ಕಡೆ ತಿರುಗಿ ನೋಡಿ. ಅದರ ದಿನ ಮುಗಿಯುತ್ತ ಬಂದಿದೆ. ಅದು ಸತ್ತರೆ ಪ್ರೊಜೆಸ್ಟೆರಾನ್ ಇಳಿಯುತ್ತದೆ, ಒಳಪದರ ಉದುರುತ್ತದೆ, ಈಗ ತಾನೇ ನೆಲೆಯೂರಿದ್ದೂ ಅದರ ಜೊತೆಗೇ ಹೋಗುತ್ತದೆ. ಅದಕ್ಕೇ ಟ್ರೋಫೋಬ್ಲಾಸ್ಟ್ ಬೇರೂರುತ್ತಲೇ ಎಚ್‌ಸಿಜಿ ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಕಳಿಸುತ್ತದೆ. ಅದು ಸಿಕ್ಕಿದ ಕಾರ್ಪಸ್ ಲೂಟಿಯಮ್ ಸಾಯುವುದಿಲ್ಲ, ಮಾಸು ಕೆಲಸ ವಹಿಸಿಕೊಳ್ಳುವವರೆಗೆ ವಾರಗಟ್ಟಲೆ ದುಡಿಯುತ್ತದೆ. 29ನೇ ದಿನ ಆಗಬೇಕಿದ್ದ ಮುಟ್ಟು ಆಗುವುದಿಲ್ಲ. ನೆಲೆಯೂರುವುದಕ್ಕೂ ಆ ದಿನಕ್ಕೂ ನಡುವೆ ಇರುವುದು ಒಂದು ವಾರ. ಅಷ್ಟರೊಳಗೆ ಸುದ್ದಿ ಮುಟ್ಟಬೇಕು.

ಇದಕ್ಕೆ ಪ್ರಯೋಗಾಲಯದ ಸಾಕ್ಷಿ ಬೇಡ, ನಮ್ಮ ಮನೆಗಳಲ್ಲೇ ಇದೆ. ಹಬ್ಬವೋ ಗೃಹಪ್ರವೇಶವೋ ಇದ್ದಾಗ ಹೆಂಗಸರು ನುಂಗುವ 'ಮುಂದಕ್ಕೆ ಹಾಕುವ ಮಾತ್ರೆ' ಪ್ರೊಜೆಸ್ಟೆರಾನಿನಂತೆ ಕೆಲಸ ಮಾಡುವ ಔಷಧ. ನುಂಗುವವರೆಗೆ ಒಳಪದರ ಹಿಡಿದಿರುತ್ತದೆ, ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. (ವೈದ್ಯರನ್ನು ಕೇಳದೆ ನುಂಗುವವರ ಮೇಲೆ ನನಗೆ ಸಿಟ್ಟಿದೆ, ಅದು ಬೇರೆ ಮಾತು.) ಕೆಲವು ಬಸುರಿಯರಿಗೆ 'ನಿಲ್ಲೋಕೆ' ಅಂತ ಕೊಡುವ ಇಂಜೆಕ್ಷನ್ನೂ ಇದೇ ಬಳಗದ್ದು. ಮುಟ್ಟನ್ನು ನಿಲ್ಲಿಸುವುದೂ ಬಸಿರನ್ನು ನಿಲ್ಲಿಸುವುದೂ ಒಂದೇ ಹಾರ್ಮೋನಿನ ಕೆಲಸ.

ತಪ್ಪಾಗುವುದೂ ಉಂಟು. ನಿಷೇಚನವಾದ ಎಷ್ಟೋ ಭ್ರೂಣಗಳು ನೆಲೆ ಸಿಗದೆ ಯಾರಿಗೂ ಗೊತ್ತಾಗದಂತೆ ಹೋಗುತ್ತವೆ. ಅಪಾಯದ ತಪ್ಪು ಇನ್ನೊಂದು: ನಿಲ್ಲಬಾರದ ಕಡೆ ನಿಲ್ಲುವುದು. ನೂರು ಬಸಿರಿನಲ್ಲಿ ಒಂದೆರಡು ಹೀಗೆ, ಅವುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಅಂಡನಾಳದಲ್ಲೇ. ಹಿಂದಿನ ಸೋಂಕಿನಿಂದ ನಾಳ ಕಟ್ಟಿಕೊಂಡಿದ್ದರೆ ಉಂಡೆ ದಾಟಲಾರದೆ ದಾರಿಯಲ್ಲೇ ಬೇರು ಬಿಡುತ್ತದೆ. ಎಚ್‌ಸಿಜಿ ಅಲ್ಲಿಂದಲೂ ಹೊರಡುತ್ತದೆ. ಆದ್ದರಿಂದ ಮುಟ್ಟು ನಿಲ್ಲುತ್ತದೆ, ಮೂತ್ರದ ಪಟ್ಟಿಯಲ್ಲಿ ಎರಡು ಗೆರೆಯೂ ಮೂಡುತ್ತವೆ. ಪಟ್ಟಿ ನಿಂತಿದೆ ಅನ್ನುತ್ತದೆ, ಎಲ್ಲಿ ಅನ್ನುವುದಿಲ್ಲ. ಸಹಜ ಬಸಿರಿನ ಆರಂಭದಲ್ಲಿ ರಕ್ತದ ಎಚ್‌ಸಿಜಿ ಸುಮಾರು ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಕುಂಟುತ್ತ ಏರಿದರೆ, ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿ ಕಂಡರೆ ವೈದ್ಯರು ನಾಳದ ಕಡೆ ನೋಡುತ್ತಾರೆ. ಒಂದು ಬದಿಯ ಕಿಬ್ಬೊಟ್ಟೆ ನೋವು, ತುಸು ರಕ್ತ, ತಲೆಸುತ್ತು ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಹರಿಯುತ್ತದೆ.

ಮತ್ತೆ ಆ ಹುಡುಗನ ಸಾಲಿಗೆ. ಜಾಗ ಸರಿ ಬರೆದಿದ್ದ, ನಿಲ್ಲುವುದು ಗರ್ಭಕೋಶದಲ್ಲೇ. ತಪ್ಪಿದ್ದು ಯಾರು ನಿಲ್ಲುತ್ತಾರೆ ಅನ್ನುವುದು. ಜೈಗೋಟ್ ನಿಲ್ಲುವುದಿಲ್ಲ, ಅದು ಒಂದೇ ಕೋಶ, ನಾಳದಲ್ಲೇ ಇಬ್ಭಾಗವಾಗಿಹೋಗಿರುತ್ತದೆ. ನಿಲ್ಲುವುದು ಬ್ಲಾಸ್ಟೊಸಿಸ್ಟ್. 'ಜೈಗೋಟ್' ಮೇಲೆ ಕೆಂಪು ಗೀಟು ಎಳೆದು ಅರ್ಧ ಅಂಕ ಕಳೆದೆ. 'ಸ್ಟ್ಯಾಂಡ್' ಅನ್ನು ಮುಟ್ಟಲಿಲ್ಲ.