ಕೂದಲು, ರಕ್ತದ ಹನಿ, ವಿಟಮಿನ್ ಪೊಟ್ಟಣ: ಪೋಷಕಾಂಶ ಪರೀಕ್ಷೆ ನಡೆದುಬಂದ ದಾರಿ

ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಚರ್ಮದೊಳಗಿನ ಬುಡದಲ್ಲಿ ರೂಪುಗೊಳ್ಳುವಾಗ ಅದಕ್ಕೆ ರಕ್ತದ ಸಂಪರ್ಕವಿರುತ್ತದೆ. ಆ ಹೊತ್ತಿಗೆ ರಕ್ತದಲ್ಲಿದ್ದ ಕೆಲವು ಲೋಹಗಳು ಕೂದಲಿನ ಪ್ರೋಟೀನಿನಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಅಲ್ಲೇ ಉಳಿದುಬಿಡುತ್ತವೆ. ಚರ್ಮದಿಂದ ಹೊರಬಂದ ಎಳೆ ನಿರ್ಜೀವ. ಅಲ್ಲಿಂದ ಮುಂದೆ ಅದು ರಕ್ತದಿಂದ ಏನನ್ನೂ ಪಡೆಯುವುದಿಲ್ಲ. ನೀರು, ಧೂಳು, ಶಾಂಪೂ, ಬಣ್ಣಗಳಿಂದ ಮಾತ್ರ ಪಡೆಯುತ್ತಲೇ ಇರುತ್ತದೆ. ಕೂದಲ ಖನಿಜ ಪರೀಕ್ಷೆಯ ಶಕ್ತಿ, ದೌರ್ಬಲ್ಯ ಎರಡೂ ಇಷ್ಟರಲ್ಲೇ ಇವೆ.

ಅದರ ಶಕ್ತಿಗೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆಯಿದೆ. ಯಾದಗಿರಿ ಜಿಲ್ಲೆಯಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿದ್ದ ಒಂದು ಪ್ರದೇಶಕ್ಕೆ ಭೂವಿಜ್ಞಾನಿಗಳು ಮಂಗಳೂರು ಪಟ್ಟಿ ಎನ್ನುತ್ತಾರೆ. ಈ ಹೆಸರು ಕರಾವಳಿಯ ಮಂಗಳೂರಿನದಲ್ಲ, ಸುರಪುರ ಸೀಮೆಯ ಹಳ್ಳಿಯದು. ಅಲ್ಲಿನ ಜನರ ಚರ್ಮದ ಮೇಲೆ ಕಾಣಿಸಿಕೊಂಡ ಗಾಯಗಳ ಮೂಲ ಹುಡುಕಿದ ಸಂಶೋಧಕರ ವರದಿ 2013ರಲ್ಲಿ ಪ್ರಕಟವಾಯಿತು. 59 ಕೊಳವೆಬಾವಿಗಳ ನೀರಿನಲ್ಲಿ ಶೇ. 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಮಿತಿಯನ್ನು ದಾಟಿತ್ತು. ಒಂದು ಬಾವಿಯಲ್ಲಿ ಅದು 303ಕ್ಕೆ ಮುಟ್ಟಿತ್ತು. 171 ಜನರಿಂದ ತೆಗೆದ ಕೂದಲು ಮತ್ತು ಉಗುರಿನ ಎಲ್ಲ ಮಾದರಿಗಳಲ್ಲೂ ಆರ್ಸೆನಿಕ್ ಹೆಚ್ಚಾಗಿತ್ತು. ಪರೀಕ್ಷಿಸಿದ 181 ಮಂದಿಯಲ್ಲಿ ಶೇ. 58.6ರಷ್ಟು ಜನರಿಗೆ ಆರ್ಸೆನಿಕ್‌ನಿಂದಾಗುವ ಚರ್ಮದ ಲಕ್ಷಣಗಳಿದ್ದವು.

ಈ ಅಧ್ಯಯನದಲ್ಲಿ ಕೂದಲು ಒಂಟಿ ಸಾಕ್ಷಿಯಾಗಿರಲಿಲ್ಲ. ನೀರು, ಮಣ್ಣು, ಆಹಾರ, ಉಗುರು, ಚರ್ಮದ ತುಣುಕು ಎಲ್ಲವನ್ನೂ ಅಳೆದು ಒಂದರ ಜೊತೆ ಇನ್ನೊಂದನ್ನು ಹೊಂದಿಸಿ ನೋಡಿದ್ದರು. ಹುಡುಕುತ್ತಿದ್ದದ್ದು ಒಂದು ವಿಷವನ್ನು, ಅದೂ ಇಡೀ ಊರಿನಲ್ಲಿ. ಮೀನಿನ ಮೂಲಕ ದೇಹ ಸೇರುವ ಪಾದರಸವನ್ನು ಅಂದಾಜು ಮಾಡಲೂ ಕೂದಲು ಹೀಗೆಯೇ ಉಪಯುಕ್ತ.

ವಿಷ ಹುಡುಕುವ ಈ ಸಾಧನವನ್ನು ಪೋಷಣೆಯ ಅಳತೆಗೆ ಹಚ್ಚಿದ್ದು ಅಮೆರಿಕದ ವ್ಯಾಪಾರಿ ಪ್ರಯೋಗಾಲಯಗಳು. ಅಂಚೆಯಲ್ಲಿ ಒಂದು ಚಿಟಿಕೆ ಕೂದಲು ಕಳಿಸಿದರೆ ಹತ್ತಾರು ಖನಿಜಗಳ ಪಟ್ಟಿ, ಅದರ ಜೊತೆಗೆ ಕೊಳ್ಳಬೇಕಾದ ಮಾತ್ರೆಗಳ ಪಟ್ಟಿ ಬರುತ್ತಿತ್ತು. ಸ್ಟೀಫನ್ ಬ್ಯಾರೆಟ್ ಎಂಬ ವೈದ್ಯ ಇಬ್ಬರು ಆರೋಗ್ಯವಂತ ಹದಿಹರೆಯದವರ ಕೂದಲನ್ನು 13 ಪ್ರಯೋಗಾಲಯಗಳಿಗೆ ಕಳಿಸಿ, ಬಂದ ಉತ್ತರಗಳನ್ನು 1985ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಂಕಿಗಳು ಬೇರೆಯಾಗಿದ್ದವು. ಒಂದೇ ತಲೆಯ ಕೂದಲನ್ನು ಒಂದೇ ಪ್ರಯೋಗಾಲಯಕ್ಕೆ ಎರಡು ಸಲ ಕಳಿಸಿದಾಗಲೂ ಉತ್ತರ ಹೊಂದಲಿಲ್ಲ. 2001ರಲ್ಲಿ ಇನ್ನೊಂದು ತಂಡ ಒಬ್ಬರದೇ ಕೂದಲನ್ನು ಹಂಚಿ ಆರು ಪ್ರಯೋಗಾಲಯಗಳಿಗೆ ಕಳಿಸಿತು. ಹಲವು ಖನಿಜಗಳಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಅಂಕಿಗಳ ನಡುವೆ ಹತ್ತುಪಟ್ಟಿಗೂ ಮೀರಿದ ಅಂತರವಿತ್ತು.

ಯಂತ್ರ ಕೆಟ್ಟದ್ದೆಂಬ ಕಾರಣಕ್ಕೆ ಹೀಗಾದದ್ದಲ್ಲ. ಕೂದಲನ್ನು ಆಮ್ಲದಲ್ಲಿ ಕರಗಿಸಿ ಅಳೆಯುವ ಇಂದಿನ ಯಂತ್ರಗಳು ಬಹಳ ಸೂಕ್ಷ್ಮ. ತೊಡಕು ಅದಕ್ಕೂ ಮೊದಲೇ ಶುರುವಾಗುತ್ತದೆ. ಕೂದಲನ್ನು ತೊಳೆಯದಿದ್ದರೆ ಹೊರಗಿನ ಕೊಳೆ ಲೆಕ್ಕಕ್ಕೆ ಬರುತ್ತದೆ, ಬಿರುಸಾಗಿ ತೊಳೆದರೆ ಒಳಗಿನ ಖನಿಜವೂ ಹೋಗುತ್ತದೆ. ತಲೆಹೊಟ್ಟಿನ ಶಾಂಪೂಗಳಲ್ಲಿ ಕೆಲವಕ್ಕೆ ಸತು, ಕೆಲವಕ್ಕೆ ಸೆಲೆನಿಯಂ ಬೆರೆಸಿರುತ್ತಾರೆ; ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಕೂದಲಿಗೆ ಹತ್ತುತ್ತದೆ. ಇನ್ನೂ ವಿಚಿತ್ರವೆಂದರೆ, ತೀವ್ರ ಅಪೌಷ್ಟಿಕತೆಯಲ್ಲಿ ಕೂದಲ ಬೆಳವಣಿಗೆಯೇ ನಿಧಾನವಾಗುವುದರಿಂದ, ದೇಹದಲ್ಲಿ ಸತು ಕಡಿಮೆಯಿದ್ದರೂ ಕೂದಲಲ್ಲಿ ಅದು ಸರಿಯಾಗಿರುವಂತೆ, ಕೆಲವೊಮ್ಮೆ ಹೆಚ್ಚಿರುವಂತೆಯೂ ಕಾಣಬಹುದು.

ಧಾರವಾಡದ ಸುತ್ತಲಿನ ರೈತರಿಗೆ ಇದರ ತಿರುಳು ಮಣ್ಣು ಪರೀಕ್ಷೆಯಿಂದ ಗೊತ್ತು. ತಿಪ್ಪೆಯ ಪಕ್ಕದ ಮಣ್ಣು ಕೊಟ್ಟರೆ ಹೊಲದ ಲೆಕ್ಕ ಸಿಗುವುದಿಲ್ಲ. ಮಣ್ಣಿನ ರಂಜಕ 'ಕಡಿಮೆ' ಎಂದು ಹೇಳುವ ಅಂಕಿಯ ಹಿಂದೆ, ಅಷ್ಟಿದ್ದಾಗ ಗೊಬ್ಬರ ಹಾಕಿದರೆ ಇಳುವರಿ ಏರುತ್ತದೆಯೇ ಎಂದು ಹೊಲದಲ್ಲೇ ನೋಡಿದ ಪ್ರಯೋಗಗಳಿರುತ್ತವೆ. ಕೂದಲ ಸತು, ಮೆಗ್ನೀಸಿಯಂಗಳಿಗೆ ಅಂಥ ಆಧಾರ ಇಲ್ಲ. ರಿಪೋರ್ಟಿನ ಹಸಿರು, ಕೆಂಪು ಪಟ್ಟಿಗಳನ್ನು ಎಳೆದದ್ದು ಆಯಾ ಪ್ರಯೋಗಾಲಯವೇ.

ಪರೀಕ್ಷೆಯ ಜೊತೆ ಮಾತ್ರೆ ಮಾರುವ ವ್ಯಾಪಾರ ಮುಂದೆ ಡಿಎನ್‌ಎಯನ್ನು ಹಿಡಿಯಿತು. 2006ರಲ್ಲಿ ಅಮೆರಿಕದ ಸಂಸತ್ತಿನ ತನಿಖಾ ಸಂಸ್ಥೆ ಜಿಎಒ 14 ಮಂದಿ ಕಾಲ್ಪನಿಕ ಗ್ರಾಹಕರನ್ನು ಸೃಷ್ಟಿಸಿತು. ಅವರ ಹೆಸರಿನಲ್ಲಿ ಒಂಬತ್ತು ತಿಂಗಳ ಹೆಣ್ಣುಮಗು ಮತ್ತು 48 ವರ್ಷದ ಗಂಡಸು, ಈ ಇಬ್ಬರ ಡಿಎನ್‌ಎಯನ್ನೇ ನಾಲ್ಕು ಕಂಪನಿಗಳಿಗೆ ಕಳಿಸಿತು. ಡಿಎನ್‌ಎ ಒಂದೇ ಇದ್ದರೂ ಸಲಹೆಗಳು ಬದಲಾದವು. ಅವು ನಿಂತದ್ದು ಪ್ರಶ್ನಾವಳಿಯಲ್ಲಿ ಬರೆದ ಧೂಮಪಾನ, ವ್ಯಾಯಾಮ, ಊಟದ ಉತ್ತರಗಳ ಮೇಲೆ. ಆ ವ್ಯಕ್ತಿಗೆಂದೇ ತಯಾರಿಸಿದ್ದು ಎನ್ನಲಾದ ವರ್ಷಕ್ಕೆ 1,200 ಡಾಲರಿನ ಮಾತ್ರೆಗಳಲ್ಲಿ ಇದ್ದದ್ದು ದಿನಸಿ ಅಂಗಡಿಯಲ್ಲಿ ಸುಮಾರು 35 ಡಾಲರಿಗೆ ಸಿಗುವ ಸಾಮಾನ್ಯ ವಿಟಮಿನ್‌ಗಳೇ. ಆಮೇಲೆ ಬಂದ ಕಂಪನಿಗಳು ಡಿಎನ್‌ಎಯ ಗೊಡವೆ ಬಿಟ್ಟು ಬರೀ ಪ್ರಶ್ನಾವಳಿಯಿಂದಲೇ ಹೆಸರು ಮುದ್ರಿಸಿದ ದಿನದ ಪೊಟ್ಟಣ ಕಟ್ಟತೊಡಗಿದವು. ಹಾಗೆ 2016ರಲ್ಲಿ ಆರಂಭವಾದ ನ್ಯೂಯಾರ್ಕಿನ ಕೇರ್/ಆಫ್ ಕಂಪನಿಯಲ್ಲಿ 2020ರಲ್ಲಿ ಬೇಯರ್ ದೊಡ್ಡ ಪಾಲು ಕೊಂಡಿತು. 2024ರಲ್ಲಿ ಅದು ಮುಚ್ಚಿತು. ಭಾರತದಲ್ಲಿ ಇಂಥ ಪೊಟ್ಟಣಗಳು ಕಾನೂನಿನ ಕಣ್ಣಿಗೆ ಆಹಾರ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳು ಅವುಗಳ ಲೇಬಲ್ ಮತ್ತು ಅಂಶಗಳನ್ನು ನೋಡುತ್ತವೆಯೇ ಹೊರತು ಪೊಟ್ಟಣಕ್ಕೆ ಆಧಾರವಾದ ಪರೀಕ್ಷೆಯನ್ನಲ್ಲ.

ಅಂಚೆಯಲ್ಲಿ ಕಳಿಸುವ ರಕ್ತದ ಹನಿಗೆ ಇದಕ್ಕಿಂತ ಗಟ್ಟಿ ಹಿನ್ನೆಲೆಯಿದೆ. ರಾಬರ್ಟ್ ಗತ್ರಿ 1960ರ ದಶಕದಲ್ಲಿ ನವಜಾತ ಶಿಶುಗಳ ಹಿಮ್ಮಡಿಯ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ ಜನ್ಮಜಾತ ಕಾಯಿಲೆ ಪತ್ತೆಮಾಡುವ ಪದ್ಧತಿ ತಂದರು. ಇಂದಿಗೂ ಅದು ಲಕ್ಷಾಂತರ ಮಕ್ಕಳನ್ನು ಕಾಯುತ್ತಿದೆ. ಆದರೆ ಅಲ್ಲಿ ಹುಡುಕುವುದು ಸಹಜಕ್ಕಿಂತ ಅನೇಕ ಪಟ್ಟು ಏರಿದ ವಸ್ತುವನ್ನು, ಮತ್ತು ಅನುಮಾನ ಬಂದ ಮಗುವಿಗೆ ಮರುಪರೀಕ್ಷೆ ಇದ್ದೇ ಇದೆ. ವಿಟಮಿನ್ 'ತುಸು ಕಡಿಮೆ' ಎನ್ನಲು ಬೇಕಾದ ನಿಖರತೆಯೇ ಬೇರೆ. ರಕ್ತಹೀನತೆ ಇರುವವರ ರಕ್ತ ತೆಳುವಾಗಿ ಕಾಗದದ ಮೇಲೆ ಹೆಚ್ಚು ಹರಡುತ್ತದೆ, ಹಾಗಾಗಿ ಒಂದೇ ಅಳತೆಯ ಚುಕ್ಕೆಯಲ್ಲಿ ಸಿಗುವ ರಕ್ತದ ಪ್ರಮಾಣ ಬದಲಾಗುತ್ತದೆ. ಮಳೆಗಾಲದ ಹುಬ್ಬಳ್ಳಿಯಲ್ಲಿ ಕಾಗದ ಪೂರ್ತಿ ಒಣಗದೆ ಲಕೋಟೆ ಸೇರಿದರೆ ಒಳಗಿನ ವಸ್ತು ಕೆಡಬಹುದು.

ಬೆರಳು ಚುಚ್ಚುವುದೇ ಎಷ್ಟು ವ್ಯತ್ಯಾಸ ತರಬಲ್ಲದು ಎಂಬುದನ್ನು ದೇಶದ ಎರಡು ದೊಡ್ಡ ಸಮೀಕ್ಷೆಗಳು ತೋರಿಸಿವೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೆರಳಿನ ಹನಿಯಿಂದ ಅಳೆದು ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 58ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆಯೆಂದಿತು. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ರಕ್ತನಾಳದಿಂದ ರಕ್ತ ತೆಗೆದು ಅಳೆದಾಗ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಅದು ಶೇ. 41 ಆಯಿತು. ವಯೋಮಿತಿ ಪೂರ್ತಿ ಒಂದೇ ಅಲ್ಲ, ನಿಜ. ಆದರೂ ಅಂತರದ ದೊಡ್ಡ ಪಾಲು ರಕ್ತ ತೆಗೆದ ಬಗೆಯಿಂದ ಬಂದದ್ದೆಂದು ಪೋಷಣಾ ತಜ್ಞರು ವಾದಿಸಿದ್ದಾರೆ. ಬೆರಳನ್ನು ಹಿಂಡಿದಾಗ ಅಂಗಾಂಶದ ನೀರು ರಕ್ತದೊಡನೆ ಬೆರೆತು ಹಿಮೋಗ್ಲೋಬಿನ್ ಇಳಿದಂತೆ ತೋರುತ್ತದೆ.

ನಂಬಬಹುದಾದ ಪರೀಕ್ಷೆಗೆ ಏನೇನು ಬೇಕೆಂಬುದು ಒಂದು ನಿದರ್ಶನದಲ್ಲಿ ಸ್ಪಷ್ಟವಾಗುತ್ತದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳಿಗೆ ಕೂದಲು ವಿಪರೀತ ಉದುರುತ್ತಿದೆ ಎಂದಿಟ್ಟುಕೊಳ್ಳಬಹುದು. ಔಷಧದಂಗಡಿಯಲ್ಲಿ ಕೊಂಡ 10 ಮಿಲಿಗ್ರಾಂ ಬಯೋಟಿನ್ ಮಾತ್ರೆಯನ್ನು ಆಕೆ ದಿನವೂ ನುಂಗುತ್ತಿದ್ದಾಳೆ. ದಿನಕ್ಕೆ ಬೇಕಾದದ್ದು 30-40 ಮೈಕ್ರೊಗ್ರಾಂ. ಅದರ ಸುಮಾರು ಮುನ್ನೂರು ಪಟ್ಟು ಹೋಗುತ್ತಿದೆ. ಥೈರಾಯ್ಡ್ ಮತ್ತು ವಿಟಮಿನ್ ಡಿ ಅಳೆಯುವ ಅನೇಕ ಯಂತ್ರಗಳು ತಮ್ಮ ರಾಸಾಯನಿಕ ಜೋಡಣೆಗೆ ಬಯೋಟಿನ್ನನ್ನೇ ಬಳಸುತ್ತವೆ. ರಕ್ತದಲ್ಲಿ ತೇಲುವ ಹೆಚ್ಚುವರಿ ಬಯೋಟಿನ್ ಅಲ್ಲಿ ಅಡ್ಡ ಬರುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಹೆಚ್ಚು ತೋರಿ, ಇಲ್ಲದ ಥೈರಾಯ್ಡ್ ಕಾಯಿಲೆ ಇದ್ದಂತೆ ಕಾಣುತ್ತದೆ. ವಿಟಮಿನ್ ಡಿ ಕೊರತೆಯಿದ್ದರೂ ಸಾಕಷ್ಟಿದೆ ಎಂದು ಬರಬಹುದು. ಅಮೆರಿಕದ ಎಫ್‌ಡಿಎ ಈ ಬಗ್ಗೆ 2017ರಲ್ಲಿ ಎಚ್ಚರಿಕೆ ನೀಡಿತು. ಹೃದಯಾಘಾತ ಪತ್ತೆಹಚ್ಚುವ ಟ್ರೋಪೊನಿನ್ ಪರೀಕ್ಷೆ ಇದೇ ಕಾರಣಕ್ಕೆ ತಪ್ಪಿ ಒಬ್ಬ ರೋಗಿ ಸತ್ತ ಸುದ್ದಿಯೂ ಅದರಲ್ಲಿತ್ತು. ಎರಡು ಮೂರು ದಿನ ಮಾತ್ರೆ ನಿಲ್ಲಿಸಿ ರಕ್ತ ಕೊಟ್ಟರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಆದರೆ ರಕ್ತ ತೆಗೆಯುವವರು ಕೇಳಬೇಕು, ಕೊಡುವವರು ಹೇಳಬೇಕು.

ಆಕೆಯ ಕಬ್ಬಿಣದ ದಾಸ್ತಾನು ತಿಳಿಯಲು ಫೆರಿಟಿನ್ ನೋಡುತ್ತಾರೆ. ಇದು 15ಕ್ಕಿಂತ ಕಡಿಮೆಯಿದ್ದರೆ ಆರೋಗ್ಯವಂತ ವಯಸ್ಕರಲ್ಲಿ ಕೊರತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಮೈಯಲ್ಲಿ ಸೋಂಕು ಅಥವಾ ಉರಿಯೂತ ಇದ್ದರೆ ಫೆರಿಟಿನ್ ತಾನಾಗಿ ಏರುವುದರಿಂದ ಆಗ ಗಡಿಯನ್ನು 70ಕ್ಕೆ ಏರಿಸಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಹಿಂದಿನ ವಾರ ಡೆಂಗಿ ಜ್ವರದಲ್ಲಿ ಮಲಗಿದ್ದವಳ 40 ಎಂಬ ಅಂಕಿ ಹೀಗಾಗಿ ನೆಮ್ಮದಿಯದ್ದಲ್ಲ. ಜೊತೆಗೆ ಉರಿಯೂತದ ಗುರುತಾದ ಸಿಆರ್‌ಪಿ ನೋಡದ ಫೆರಿಟಿನ್ ಅರ್ಧ ಉತ್ತರ.

ಸತು ಇನ್ನೂ ನಾಜೂಕು. ಕೆಂಪುರಕ್ತಕಣಗಳಲ್ಲಿ ಅದು ಹೇರಳವಾಗಿರುವುದರಿಂದ ಟ್ಯೂಬಿನಲ್ಲಿ ಕಣಗಳು ಒಡೆದರೆ ಅಂಕಿ ಏರುತ್ತದೆ. ಸಾಮಾನ್ಯ ಟ್ಯೂಬಿನ ರಬ್ಬರ್ ಬಿರಡೆಯಿಂದಲೂ ಸತು ಬರಬಹುದು, ಅದಕ್ಕೇ ಗಾಢ ನೀಲಿ ಮುಚ್ಚಳದ ಬೇರೆ ಟ್ಯೂಬ್ ಬೇಕು. ಹೆಂಗಸರಿಗೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕೊರತೆಯ ಗಡಿ ಡೆಸಿಲೀಟರಿಗೆ 70 ಮೈಕ್ರೊಗ್ರಾಂ, ಮಧ್ಯಾಹ್ನದ ಹೊತ್ತಿಗೆ 59. ಬೆಳಿಗ್ಗೆ 65 ಬಂದರೆ ಕೊರತೆ, ಅದೇ 65 ಮಧ್ಯಾಹ್ನ ಬಂದರೆ ಸರಿ. ರಕ್ತ ತೆಗೆದ ಗಂಟೆಯನ್ನೇ ನಮೂದಿಸದ ರಿಪೋರ್ಟಿನಿಂದ ಇದನ್ನು ಹೇಳಲು ಬರುವುದಿಲ್ಲ.

ಅವಳಿನಗರದ ಸಂಗ್ರಹ ಕೇಂದ್ರಗಳಲ್ಲಿ ತೆಗೆದ ಇಂಥ ಅಪರೂಪದ ಪರೀಕ್ಷೆಗಳ ಮಾದರಿಗಳು ದೂರದ ನಗರದ ಮುಖ್ಯ ಪ್ರಯೋಗಾಲಯಕ್ಕೆ ರಾತ್ರೋರಾತ್ರಿ ಪ್ರಯಾಣ ಮಾಡುವುದುಂಟು. ಹೊರಡುವ ಮೊದಲೇ ಸೀರಂ ಬೇರ್ಪಡಿಸಿ ತಣ್ಣಗಿಟ್ಟಿದ್ದರೆ ತೊಂದರೆಯಿಲ್ಲ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ಕೇಳುವುದು ಒಳ್ಳೆಯದು, ಆದರೆ ಅಷ್ಟಕ್ಕೇ ನಿಲ್ಲಬಾರದು. ಐಎಸ್‌ಒ 15189 ಮಾನದಂಡದಂತೆ ಕೊಡುವ ಈ ಮಾನ್ಯತೆ ಇಡೀ ಕಟ್ಟಡಕ್ಕಲ್ಲ, ಪಟ್ಟಿಮಾಡಿದ ಒಂದೊಂದು ಪರೀಕ್ಷೆಗೆ. ಸಕ್ಕರೆ, ಥೈರಾಯ್ಡ್ ಪಟ್ಟಿಯಲ್ಲಿದ್ದು ಸತು ಅದರಲ್ಲಿ ಇಲ್ಲದಿರಬಹುದು. ಪಟ್ಟಿಯಲ್ಲಿದ್ದ ಪರೀಕ್ಷೆಗೆ ಪ್ರಯೋಗಾಲಯ ಹೊರಗಿನಿಂದ ಬಂದ ಗುಟ್ಟಿನ ಮಾದರಿಗಳನ್ನು ಆಗಾಗ ಅಳೆದು ತನ್ನ ಉತ್ತರವನ್ನು ಇತರರ ಉತ್ತರದ ಜೊತೆ ತಾಳೆ ನೋಡಬೇಕಾಗುತ್ತದೆ. 1985ರಲ್ಲಿ ಬ್ಯಾರೆಟ್ ಒಬ್ಬರೇ ಮಾಡಿದ ಕೆಲಸ ಇಲ್ಲಿ ದಿನಚರಿಯ ಭಾಗ.

ಕೊನೆಗೆ ಮರುಪರೀಕ್ಷೆ. ಆಕೆಯ ವಿಟಮಿನ್ ಡಿ ಮೊದಲ ಸಲ 18 ನ್ಯಾನೊಗ್ರಾಂ, ಮೂರು ತಿಂಗಳು ವಿಟಮಿನ್ ಪೊಟ್ಟಣ ಸೇವಿಸಿದ ಮೇಲೆ 21 ಬಂತು ಎನ್ನೋಣ. ಯಂತ್ರದ ಏರಿಳಿತ ಶೇ. 8, ದೇಹದ ಸ್ವಂತ ಏರಿಳಿತ ಶೇ. 6 ಎಂದು ಹಿಡಿದರೆ, ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಾಗ ಶೇ. 10 ಸಿಗುತ್ತದೆ. ಎರಡು ಪರೀಕ್ಷೆಗಳ ನಡುವಿನ ವ್ಯತ್ಯಾಸ ನಿಜವೆನ್ನಲು ಅದನ್ನು 2.77ರಿಂದ ಗುಣಿಸುತ್ತಾರೆ, ಅಂದರೆ ಸುಮಾರು ಶೇ. 28. ಹೀಗೆ 18 ಕನಿಷ್ಠ 23ಕ್ಕೆ ಏರಬೇಕಿತ್ತು. 21 ಎಂಬ ಅಂಕಿ ಪೊಟ್ಟಣ ಫಲಿಸಿತೆಂದೂ ಹೇಳುವುದಿಲ್ಲ, ಫಲಿಸಲಿಲ್ಲವೆಂದೂ ಹೇಳುವುದಿಲ್ಲ.